ಮೂರು ಊರು, ಒಂದು ಮಷೀನ್ ಲರ್ನಿಂಗ್ ಕೋರ್ಸ್: ವಾರದ ವೇಳಾಪಟ್ಟಿ ಹೀಗಿರಲಿ

ಆಳಂದದಲ್ಲಿ ಒಬ್ಬರು, ಅಫಜಲಪುರದಲ್ಲಿ ಇಬ್ಬರು, ಜೇವರ್ಗಿಯಲ್ಲಿ ಒಬ್ಬರು. ನಾಲ್ವರೂ ಗೆಳೆಯರು, ನಾಲ್ವರಿಗೂ ಮಷೀನ್ ಲರ್ನಿಂಗ್ ಕಲಿಯಬೇಕಾಗಿದೆ. ಮಷೀನ್ ಲರ್ನಿಂಗ್ ಅಂದರೆ ಹಳೆಯ ಲೆಕ್ಕಪತ್ರಗಳಿಂದ ಕಂಪ್ಯೂಟರೇ ನಿಯಮ ಕಂಡುಕೊಂಡು ಮುಂದಿನದನ್ನು ಅಂದಾಜು ಮಾಡುವ ವಿದ್ಯೆ. ಇಂಥ ಗುಂಪು ಯಾವ ದಿನ ಏನು ಮಾಡಬೇಕು ಎಂಬುದನ್ನು ಒಂದು ಕೋರ್ಸ್ ಇಟ್ಟುಕೊಂಡೇ ನೋಡೋಣ.

ಯಾವ ಕೋರ್ಸ್?

ಐಐಟಿ ಮದ್ರಾಸಿನ ಪ್ರೊ. ಬಲರಾಮನ್ ರವೀಂದ್ರನ್ ಅವರ ‘ಇಂಟ್ರೊಡಕ್ಷನ್ ಟು ಮಷೀನ್ ಲರ್ನಿಂಗ್’ ಎನ್‌ಪಿಟಿಇಎಲ್‌ನಲ್ಲಿದೆ. ಐಐಟಿಗಳ ಪಾಠಗಳನ್ನು ಮನೆಗೆ ತಲುಪಿಸುವ ಸರಕಾರಿ ವ್ಯವಸ್ಥೆ ಇದು. ಕೋರ್ಸಿನ ಅವಧಿ 12 ವಾರ. ಪ್ರತಿ ವಾರ ಎರಡು–ಮೂರು ಗಂಟೆಯಷ್ಟು ವಿಡಿಯೊ ಪಾಠ, ಜೊತೆಗೆ ಒಂದು ಅಸೈನ್‌ಮೆಂಟ್, ಅಂದರೆ ಅಂಕ ಸಿಗುವ ಪ್ರಶ್ನೆಪತ್ರಿಕೆ ಇರುತ್ತದೆ. ಪಾಠ ಇಂಗ್ಲಿಷಿನಲ್ಲಿದೆ. ಗುಂಪಿನಲ್ಲಿ ಕನ್ನಡದಲ್ಲೇ ಚರ್ಚೆ ಮಾಡಿ, ತೊಂದರೆಯಿಲ್ಲ.

ಅಂಕದ ಲೆಕ್ಕ ತಿಳಿದರೆ ವೇಳಾಪಟ್ಟಿ ಸುಲಭ. 12 ಅಸೈನ್‌ಮೆಂಟ್‌ಗಳಲ್ಲಿ ಚೆನ್ನಾಗಿ ಮಾಡಿದ 8ರ ಸರಾಸರಿಗೆ 25 ಅಂಕ, ಕೊನೆಯ ಪರೀಕ್ಷೆಗೆ 75 ಅಂಕ. ಪ್ರಮಾಣಪತ್ರ ಬೇಕಾದರೆ ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬರಲೇಬೇಕು. ಅಂದರೆ ನಾಲ್ಕು ವಾರ ಕೈಕೊಟ್ಟರೂ ನಡೆಯುತ್ತದೆ. ಜನವರಿಯಲ್ಲಿ ಶುರುವಾದ ಕೋರ್ಸಿನ ನಡುವೆ ತೊಗರಿ ರಾಶಿಯೂ ಬರಬಹುದು, ಶರಣಬಸವೇಶ್ವರ ಜಾತ್ರೆಯೂ ಬರಬಹುದು. ಆ ವಾರಗಳನ್ನು ಮೊದಲೇ ಗುರುತು ಹಾಕಿಡಿ.

ಗುರುವಾರದಿಂದ ಬುಧವಾರ

ಅಸೈನ್‌ಮೆಂಟ್ ಸಾಮಾನ್ಯವಾಗಿ ಬುಧವಾರ ರಾತ್ರಿ 11.59ಕ್ಕೆ ಮುಚ್ಚುತ್ತದೆ. ಹಾಗಾಗಿ ನಿಮ್ಮ ವಾರ ಗುರುವಾರ ಶುರುವಾಗಲಿ.

- ಗುರುವಾರ, ಶುಕ್ರವಾರ: ಒಬ್ಬೊಬ್ಬರೇ ವಿಡಿಯೊ ನೋಡುವುದು. ದಿನಕ್ಕೆ ಅರ್ಧ ಪಾಠ ಸಾಕು. ಅರ್ಥವಾಗದ ಜಾಗದ ನಿಮಿಷ ಬರೆದಿಡಿ.
- ಶನಿವಾರ: ಪೆನ್ನು, ಹಾಳೆ ಹಿಡಿದು ಒಂದು ಚಿಕ್ಕ ಲೆಕ್ಕ. ರಾತ್ರಿ 9ರೊಳಗೆ ಅದರ ಫೋಟೊ ವಾಟ್ಸಾಪ್ ಗುಂಪಿಗೆ ಬರಬೇಕು.
- ಭಾನುವಾರ: ಒಂದು ಗಂಟೆಯ ಸಭೆ.
- ಸೋಮವಾರ: ಅದೇ ಲೆಕ್ಕವನ್ನು ಗೂಗಲ್ ಕೋಲ್ಯಾಬ್‌ನಲ್ಲಿ ಮಾಡುವುದು. ಬ್ರೌಸರಿನಲ್ಲೇ ಪೈಥಾನ್ ಬರೆಯುವ ಉಚಿತ ಜಾಗ ಅದು, ಮೊಬೈಲಿನಲ್ಲೂ ತೆರೆಯುತ್ತದೆ.
- ಮಂಗಳವಾರ: ಅಸೈನ್‌ಮೆಂಟ್ ಒಬ್ಬರೇ ಮಾಡಿ ಸಲ್ಲಿಸುವುದು.
- ಬುಧವಾರ: ಖಾಲಿ. ಕರೆಂಟು, ನೆಟ್‌ವರ್ಕ್ ಕೈಕೊಟ್ಟರೆ ಈ ದಿನ ಇದೆ.

ಅಸೈನ್‌ಮೆಂಟನ್ನೇ ಭಾನುವಾರ ಒಟ್ಟಿಗೆ ಬಿಡಿಸಬಾರದೇ ಎಂದು ಕೇಳಬಹುದು. ಬಾರದು. ಉತ್ತರ ಹಂಚಿಕೊಳ್ಳುವುದು ಕೋರ್ಸಿನ ನಿಯಮಕ್ಕೆ ವಿರುದ್ಧ. ಅದಲ್ಲದೆ 75 ಅಂಕದ ಪರೀಕ್ಷೆಯಲ್ಲಿ ಪಕ್ಕದಲ್ಲಿ ಗೆಳೆಯ ಇರುವುದಿಲ್ಲ. ಗಡುವು ಮುಗಿದು ಸರಿಯುತ್ತರ ಪ್ರಕಟವಾದ ಮೇಲೆ ಯಾರ ಉತ್ತರ ಏಕೆ ತಪ್ಪಾಯಿತು ಎಂದು ಎಷ್ಟು ಬೇಕಾದರೂ ಮಾತಾಡಿ.

ಎರಡನೇ ವಾರ: ತೊಗರಿಯ ಲೆಕ್ಕ

ಎರಡನೇ ವಾರದ ಪಾಠ ಲೀನಿಯರ್ ರಿಗ್ರೆಷನ್. ಚುಕ್ಕಿಗಳ ನಡುವೆ ಅತಿ ಚೆನ್ನಾಗಿ ಹೊಂದುವ ನೇರ ಗೆರೆ ಎಳೆಯುವುದು ಎಂದರ್ಥ. ಶನಿವಾರದ ಲೆಕ್ಕಕ್ಕೆ ಮೂರು ಹೊಲ ಊಹಿಸಿಕೊಳ್ಳಿ. ತೊಗರಿಗೆ ಒಂದು ಸಲ ನೀರು ಕೊಟ್ಟ ಹೊಲದಲ್ಲಿ ಎಕರೆಗೆ 4 ಕ್ವಿಂಟಲ್, ಎರಡು ಸಲ ಕೊಟ್ಟಲ್ಲಿ 6, ಮೂರು ಸಲ ಕೊಟ್ಟಲ್ಲಿ 5 ಬಂತು ಎಂದಿಟ್ಟುಕೊಳ್ಳಿ.

ನೀರಿನ ಸರಾಸರಿ 2, ಇಳುವರಿಯ ಸರಾಸರಿ 5. ಸರಾಸರಿಯಿಂದ ನೀರಿನ ಅಂತರ −1, 0, 1. ಇಳುವರಿಯ ಅಂತರ −1, 1, 0. ಜೋಡಿ ಜೋಡಿಯಾಗಿ ಗುಣಿಸಿ ಕೂಡಿದರೆ 1. ನೀರಿನ ಅಂತರಗಳ ವರ್ಗ ಕೂಡಿದರೆ 2. ಒಂದನ್ನು ಎರಡರಿಂದ ಭಾಗಿಸಿದರೆ 0.5. ಇದು ಗೆರೆಯ ಏರು. ಗೆರೆ ಸರಾಸರಿಗಳ ಮೂಲಕ ಹಾಯಲೇಬೇಕು, ಹಾಗಾಗಿ ಅದು 4ರಿಂದ ಶುರುವಾಗುತ್ತದೆ. ಸೂತ್ರ ಹೀಗೆ:

ಇಳುವರಿ = 4 + 0.5 × ನೀರು

ಗೆರೆ ಹೇಳುವ ಇಳುವರಿ 4.5, 5, 5.5. ನಿಜವಾದ ಇಳುವರಿಗೂ ಇದಕ್ಕೂ ಇರುವ ವ್ಯತ್ಯಾಸಗಳ ವರ್ಗ ಕೂಡಿದರೆ 1.5. ನೀರನ್ನು ಲೆಕ್ಕಕ್ಕೇ ಹಿಡಿಯದೆ ಎಲ್ಲ ಹೊಲಕ್ಕೂ 5 ಎಂದುಬಿಟ್ಟರೆ ಅದೇ ಮೊತ್ತ 2. ತಪ್ಪು ಕಡಿಮೆಯಾಯಿತು, ಗೆರೆ ಗೆದ್ದಿತು.

ಸೋಮವಾರ ಕೋಲ್ಯಾಬ್‌ನಲ್ಲಿ ಇಷ್ಟು ಬರೆದರೆ ಸಾಕು:

```python
import numpy as np
x = np.array([1, 2, 3])
y = np.array([4, 6, 5])
print(np.polyfit(x, y, 1))
```

0.5 ಮತ್ತು 4 ಬರುತ್ತವೆ. ಬರದಿದ್ದರೆ ಕೈಲೆಕ್ಕವನ್ನೋ ಟೈಪ್ ಮಾಡಿದ್ದನ್ನೋ ಇನ್ನೊಮ್ಮೆ ನೋಡಬೇಕು.

ಭಾನುವಾರದ ಒಂದು ಗಂಟೆ

ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಮೂರು ಅಥವಾ ಹೆಚ್ಚು ಜನರ ಕರೆ ಒಂದು ಗಂಟೆಗೆ ಮುಗಿಯುತ್ತದೆ. ಆ ಮಿತಿಯೇ ಒಳ್ಳೆಯದು. ಮೊದಲ 10 ನಿಮಿಷ ಬರೆದಿಟ್ಟ ಅನುಮಾನಗಳ ಪಟ್ಟಿ. ಮುಂದಿನ 30 ನಿಮಿಷ ಒಬ್ಬರು ಶನಿವಾರದ ಲೆಕ್ಕ ವಿವರಿಸಬೇಕು. ಕೊನೆಯ 20 ನಿಮಿಷ ಲೆಕ್ಕವನ್ನು ಕೆಡಿಸಿ ನೋಡುವುದು. ಉದಾಹರಣೆಗೆ, ಹತ್ತು ಸಲ ನೀರು ಕೊಟ್ಟರೆ? ಸೂತ್ರ 9 ಕ್ವಿಂಟಲ್ ಎನ್ನುತ್ತದೆ. ನೀರು ನಿಂತರೆ ತೊಗರಿ ಹಾಳಾಗುತ್ತದೆಂದು ರೈತರಿಗೆ ಗೊತ್ತು. ಕಂಡ ಅಂಕಿಗಳ ಆಚೆಗೆ ಗೆರೆಯನ್ನು ನಂಬಬಾರದು ಎಂಬ ಪಾಠ ಇಲ್ಲಿಯೇ ಸಿಗುತ್ತದೆ.

ಯಾರು ವಿವರಿಸಬೇಕೆಂದು ಸಭೆ ಶುರುವಾದ ಮೇಲೆ ಚೀಟಿ ಎತ್ತಿ ತೀರ್ಮಾನಿಸಿ. ಮೊದಲೇ ಗೊತ್ತಾದರೆ ಅವರೊಬ್ಬರೇ ಓದಿಕೊಂಡು ಬರುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಗುಂಪು ಹೀಗೆ ಹಳಿ ತಪ್ಪಿದ್ದನ್ನು ಗುರುತಿಸುವುದು ಸುಲಭ: ಭಾನುವಾರ ಯಾರಿಗೂ ಅನುಮಾನವಿಲ್ಲ, ಮಂಗಳವಾರ ಎಲ್ಲರೂ ಸಿಕ್ಕಿಹಾಕಿಕೊಂಡಿರುತ್ತಾರೆ. ಶನಿವಾರ ಫೋಟೊ ಹಾಕದವರು ಆ ವಾರ ಕೇಳುಗರಾಗಿ ಮಾತ್ರ ಬರಲಿ. ಅವರಿಗಾಗಿ ಪಾಠ ಮತ್ತೆ ಶುರು ಮಾಡಬೇಡಿ.

ತಿಂಗಳಿಗೊಮ್ಮೆ ಮುಖಾಮುಖಿ ಕೂಡಿ. ಮೂರೂ ಊರಿನವರಿಗೆ ಕಲಬುರಗಿಯೇ ಅನುಕೂಲ. ಎಂಟು, ಒಂಬತ್ತನೇ ವಾರದಲ್ಲಿ ಬರುವ ಗ್ರಾಫಿಕಲ್ ಮಾಡೆಲ್‌ಗಳು ಗಟ್ಟಿ ಪಾಠ. ಒಂದಕ್ಕೊಂದು ಸಂಬಂಧವಿರುವ ಸಂಗತಿಗಳನ್ನು ಚಿತ್ರದಲ್ಲಿಟ್ಟು ಸಂಭವನೀಯತೆ ಲೆಕ್ಕ ಹಾಕುವ ವಿಧಾನ ಅದು. ಒಂದು ಭೇಟಿಯನ್ನು ಆ ಸಮಯಕ್ಕೇ ಇಟ್ಟುಕೊಳ್ಳಿ, ಫೋನಿನಲ್ಲಿ ಚಿತ್ರ ಬಿಡಿಸಿ ವಿವರಿಸುವುದು ಕಷ್ಟ.

ಖರ್ಚು, ನೋಂದಣಿ

ಹೆಸರು ನೋಂದಾಯಿಸಿ ಪಾಠ ನೋಡಲು, ಅಸೈನ್‌ಮೆಂಟ್ ಮಾಡಲು ದುಡ್ಡಿಲ್ಲ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಕೋರ್ಸಿಗೆ 1000 ರೂ. ಶುಲ್ಕ ಇರುತ್ತ ಬಂದಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ ರಿಯಾಯಿತಿ ಉಂಟು, ಜಾತಿ ಪ್ರಮಾಣಪತ್ರ ಸಿದ್ಧವಿಟ್ಟುಕೊಳ್ಳಿ. ಡೇಟಾ ಉಳಿಸಲು ವಿಡಿಯೊವನ್ನು 360p ಗೆ ಇಳಿಸಿ, ಬೋರ್ಡಿನ ಬರಹ ಮಸುಕಾದ ಕಡೆ ಮಾತ್ರ ಏರಿಸಿ. ಕಲಬುರಗಿಗೆ ಬರುವ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಡಿ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ.

ನೋಂದಣಿ onlinecourses.nptel.ac.in ನಲ್ಲಿ. ಹೊಸ ತಂಡಗಳು ಸಾಮಾನ್ಯವಾಗಿ ಜನವರಿ ಮತ್ತು ಜುಲೈನಲ್ಲಿ ಶುರುವಾಗುತ್ತವೆ. ಈ ಕೋರ್ಸ್ ಆ ಸಲ ಇದೆಯೇ ಎಂದು ಪಟ್ಟಿಯಲ್ಲಿ ನೋಡಿಕೊಳ್ಳಿ. ಪರೀಕ್ಷೆಯ ನೋಂದಣಿ ಕೋರ್ಸ್ ಶುರುವಾದ ಕೆಲ ವಾರಗಳವರೆಗೂ ತೆರೆದಿರುತ್ತದೆ. ಆದ್ದರಿಂದ ಮೊದಲ ದಿನವೇ ದುಡ್ಡು ಕಟ್ಟಬೇಕಿಲ್ಲ. ಮೂರನೇ ಭಾನುವಾರ ವಾಟ್ಸಾಪಿನಲ್ಲಿ ಎಷ್ಟು ಶನಿವಾರದ ಫೋಟೊ ಬಂದಿವೆ ಎಂದು ಎಣಿಸಿ, ಪರೀಕ್ಷೆ ಕಟ್ಟುವವರು ಯಾರೆಂದು ಅಂದು ತೀರ್ಮಾನಿಸಿ. ಕಟ್ಟುವವರೆಲ್ಲ ಒಂದೇ ಊರಿನ ಕೇಂದ್ರ ಆರಿಸಿಕೊಳ್ಳಿ.