ಕೆನ್ನೆಯೊಳಗೆ ಔಷಧ, ಎದೆಯ ಮೇಲೆ ಕಣ್ಣು

ಸಾಲ್ಮಿಯಾದ ಆ ಫ್ಲ್ಯಾಟ್‌ನ ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು. ಮೇಲ್ಗಡೆ ಕುವೈತಿನ ತುರ್ತು ಸಂಖ್ಯೆ 112, ಅದರ ಕೆಳಗೆ ಬ್ಲಾಕ್, ಬೀದಿ, ಕಟ್ಟಡದ ನೀಲಿ ಫಲಕದ ಪಾಸಿ ಸಂಖ್ಯೆ. ಕೊನೆಗೆ ದಪ್ಪ ಅಕ್ಷರದಲ್ಲಿ: ‘ಗಡಿಯಾರ ನೋಡು. 5 ನಿಮಿಷ. ನೇರಳೆ.’

ಉಡುಪಿ ಕಡೆಯ ಕುಟುಂಬ ಅದು. 6 ವರ್ಷದ, 20 ಕೆ.ಜಿ. ತೂಕದ ಮಗನಿಗೆ ಫಿಟ್ಸ್ ಇದೆ. ನೇರಳೆ ಎಂದರೆ ಮಿಡಜೋಲಂ ತುಂಬಿದ ಸಿರಿಂಜಿನ ಬಣ್ಣ. ಸೂಜಿ ಇಲ್ಲದ ಸಿರಿಂಜ್ ಇದು, ಔಷಧವನ್ನು ಕೆನ್ನೆ ಮತ್ತು ಒಸಡಿನ ನಡುವೆ ಬಿಡಬೇಕು. 2011ರಲ್ಲಿ ಯುರೋಪಿನಲ್ಲಿ ಅನುಮತಿ ಪಡೆದ ಬುಕ್ಕೊಲಾಮ್‌ನಲ್ಲಿ ವಯಸ್ಸಿಗೊಂದು ಬಣ್ಣ: 5ರಿಂದ 10ರೊಳಗಿನ ಮಕ್ಕಳಿಗೆ ನೇರಳೆ, ಅಂದರೆ 1.5 ಮಿ.ಲೀ. ದ್ರವದಲ್ಲಿ 7.5 ಮಿ.ಗ್ರಾಂ.

ಮೊದಲು ಇವರ ಹತ್ತಿರ ಇದ್ದದ್ದು ಗುದದ್ವಾರದಲ್ಲಿ ಕೊಡುವ ಡಯಜೆಪಾಂ ಟ್ಯೂಬ್. ಅದೂ ಒಳ್ಳೆಯ ಔಷಧವೇ. ತುದಿಯನ್ನು ಒಳಗಿಟ್ಟು ಹಿಂಡಿ, ಹಿಂಡಿದ ಕೈ ಸಡಿಲಿಸದೆ ಹೊರತೆಗೆದು, ಔಷಧ ಸೋರದಂತೆ ಪೃಷ್ಠವನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ಆದರೆ ಮಾಲ್‌ನಲ್ಲಿ, ಶಾಲಾ ಬಸ್ಸಿನಲ್ಲಿ ಮಗುವಿನ ಚಡ್ಡಿ ಬಿಚ್ಚುವವರು ಯಾರು? 2005ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಬ್ರಿಟನ್ನಿನ ಅಧ್ಯಯನದಲ್ಲಿ ಕೆನ್ನೆಯ ಮಿಡಜೋಲಂ ಶೇ 56ರಷ್ಟು ಪ್ರಸಂಗಗಳಲ್ಲಿ ಫಲ ಕೊಟ್ಟರೆ, ಡಯಜೆಪಾಂ ಶೇ 27ರಲ್ಲಿ ಮಾತ್ರ. ಉಸಿರಾಟ ಕುಗ್ಗುವ ಅಪಾಯ ಎರಡರಲ್ಲೂ ಒಂದೇ ತೆರನಾಗಿತ್ತು. ನನ್ನ ಒಲವು ಕೆನ್ನೆಯ ಕಡೆಗೇ.

ನನಗೆ ಬಲು ಇಷ್ಟವಾದದ್ದು ಈ ಔಷಧದ ರಸಾಯನ. ಸಿರಿಂಜಿನೊಳಗಿನ ದ್ರವ ಆಮ್ಲೀಯ. ಅಲ್ಲಿ ಮಿಡಜೋಲಂ ಅಣುವಿನ ಒಂದು ಉಂಗುರ ಬಿಚ್ಚಿಕೊಂಡು ನೀರಿನಲ್ಲಿ ಕರಗಿರುತ್ತದೆ. ದೇಹದ ಕಡಿಮೆ ಆಮ್ಲತೆಗೆ ಬಂದಾಗ ಉಂಗುರ ಮುಚ್ಚಿಕೊಳ್ಳುತ್ತದೆ, ಅಣು ಕೊಬ್ಬಿನಲ್ಲಿ ಬೆರೆಯುವಂಥದ್ದಾಗುತ್ತದೆ, ತೆಳ್ಳಗಿನ ಒಳಪೊರೆ ದಾಟಿ ರಕ್ತಕ್ಕೂ ಅಲ್ಲಿಂದ ಮೆದುಳಿಗೂ ಹೋಗುತ್ತದೆ. ನುಂಗಿದರೆ ಈ ದಾರಿ ತಪ್ಪಿತು: ಹೊಟ್ಟೆಗೆ ಹೋದದ್ದರಲ್ಲಿ ಬಹುಪಾಲು ಕರುಳು ಮತ್ತು ಯಕೃತ್ತಿನಲ್ಲೇ ಸವೆದುಹೋಗುತ್ತದೆ, ತಡವೂ ಆಗುತ್ತದೆ. ನಿಧಾನವಾಗಿ, ಒಸಡಿನ ಪಕ್ಕದಲ್ಲೇ ಬಿಡಿ ಎಂದು ವೈದ್ಯರು ಪದೇ ಪದೇ ಹೇಳುವುದು ಅದಕ್ಕೇ.

ಕಳೆದ ಬಾರಿ ಏನಾಯಿತೆಂದು ತಾಯಿ ವಿವರಿಸಿದರು. ಸಂಜೆ ಆಟವಾಡುತ್ತಿದ್ದ ಹುಡುಗ ಬಿದ್ದು, ಕೈಕಾಲು ಸೆಟೆದು ಅದುರತೊಡಗಿದ. ಅವರು ಗಡಿಯಾರ ನೋಡಿ, ಮಗನನ್ನು ಪಕ್ಕಕ್ಕೆ ಹೊರಳಿಸಿದರು. ಬಾಯಿಗೆ ಚಮಚವನ್ನೂ ಬೆರಳನ್ನೂ ಹಾಕಲಿಲ್ಲ, ನೀರು ಕುಡಿಸಲಿಲ್ಲ. 5 ನಿಮಿಷವಾದರೂ ನಿಲ್ಲಲಿಲ್ಲ. ತಂದೆ 112ಕ್ಕೆ ಕರೆ ಮಾಡಿ ಫೋನನ್ನು ಸ್ಪೀಕರ್‌ಗೆ ಹಾಕಿದರು. ತಾಯಿ ಕೆಂಪು ಮುಚ್ಚಳ ತೆಗೆದರು, ಜೊತೆಗೆ ತುದಿಯ ಪಾರದರ್ಶಕ ಮುಚ್ಚಳವೂ ಬಂತೇ ಎಂದು ನೋಡಿದರು. ಅದು ಸಿರಿಂಜಿನಲ್ಲೇ ಉಳಿದರೆ ಮಗುವಿನ ಗಂಟಲಿಗೆ ಹೋಗಬಹುದು. ಕೆನ್ನೆಯನ್ನು ಮೆಲ್ಲಗೆ ಎಳೆದು ಅರ್ಧ ಒಂದು ಬದಿಗೆ, ಅರ್ಧ ಇನ್ನೊಂದು ಬದಿಗೆ ಬಿಟ್ಟರು. ನಾಲ್ಕೈದು ನಿಮಿಷದಲ್ಲಿ ಅದುರು ನಿಂತಿತು.

‘ಆಮೇಲಿನದ್ದೇ ಕಷ್ಟ’ ಎಂದರು ಅವರು. ನಿಂತಿತಲ್ಲ ಎಂದು ಎಲ್ಲರೂ ಉಸ್ಸಪ್ಪಾ ಎನ್ನುವ ಹೊತ್ತಿನಲ್ಲೇ ಈ ಔಷಧ ಉಸಿರಾಟವನ್ನು ಕುಗ್ಗಿಸಬಹುದು. ಅವರು ಅಂಗಿ ಮೇಲೆತ್ತಿ, ಎದೆ ಏರುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿದರು: 20. ಆ ವಯಸ್ಸಿಗೆ ಅದು ಸರಿಯಾದ ಲೆಕ್ಕ. ಗೊರಕೆಯಂಥ ಸದ್ದು ಬಂದಾಗ, ನಾಲಿಗೆ ಹಿಂದೆ ಬಿದ್ದಿರಬಹುದೆಂದು, ಪಕ್ಕಕ್ಕೇ ಮಲಗಿಸಿ ಗದ್ದವನ್ನು ತುಸು ಮೇಲೆತ್ತಿದರು, ಸದ್ದು ಅಡಗಿತು. ನಮ್ಮ ಮಕ್ಕಳ ಕಂದು ಚರ್ಮದಲ್ಲಿ ನೀಲಿ ಬಣ್ಣ ಬೇಗ ಕಾಣುವುದಿಲ್ಲ. ತುಟಿಯ ಒಳಭಾಗ, ನಾಲಿಗೆ, ಉಗುರು ನೋಡಬೇಕು. ಎಣಿಕೆ ಇಳಿಯುತ್ತಾ ಹೋದರೆ, ಎದೆ ಏರುವುದೇ ಕಾಣದಷ್ಟು ಉಸಿರು ಮೇಲುಮೇಲಾದರೆ, ಉಸಿರುಗಳ ನಡುವೆ ದೀರ್ಘ ನಿಲುಗಡೆ ಬಂದರೆ, ಅದು ನಿದ್ದೆಯಲ್ಲ. ಉಸಿರು ನಿಂತರೆ ಫೋನಿನಲ್ಲಿ ಹೇಳಿದಂತೆ ಬಾಯಿಂದ ಉಸಿರು ಕೊಡಲು ಶುರು ಮಾಡಬೇಕು.

ಅದುರು ನಿಲ್ಲದಿದ್ದರೂ ವೈದ್ಯರು ಹೇಳದೆ ಎರಡನೇ ಸಿರಿಂಜ್ ಬೇಡ. ಉಸಿರಿನ ಅಪಾಯ ಹೆಚ್ಚುವುದು ಅಲ್ಲೇ. ಖಾಲಿ ಸಿರಿಂಜನ್ನು ಆಂಬುಲೆನ್ಸ್‌ನವರಿಗೆ ಕೊಡಿ, ಕೊಟ್ಟ ಸಮಯ ಹೇಳಿ. ಬ್ರಾಂಡ್ ಬದಲಾದರೆ ಮಿ.ಲೀ. ಲೆಕ್ಕ ನಂಬಬೇಡಿ. ಕೆಲವು ದ್ರಾವಣಗಳಲ್ಲಿ ಮಿಡಜೋಲಂ ಇಮ್ಮಡಿ ಗಾಢವಾಗಿರುತ್ತದೆ, ಅದೇ 1.5 ಮಿ.ಲೀ. ಕೊಟ್ಟರೆ ಡೋಸ್ ಎರಡರಷ್ಟಾಗುತ್ತದೆ. ಬುಕ್ಕೊಲಾಮ್ ಅನ್ನು ಫ್ರಿಜ್‌ನಲ್ಲಿಡಬಾರದು. ಕುವೈತಿನ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನಲ್ಲಂತೂ ಬಿಡಲೇಬಾರದು.

ಊರಿನಿಂದ ಹೋಗುವವರಿಗೆ ಒಂದು ಮಾತು. ಮಿಡಜೋಲಂ, ಡಯಜೆಪಾಂ ಎರಡೂ ನಿಯಂತ್ರಿತ ಔಷಧಗಳು. ಕುವೈತಿಗೆ ಒಯ್ಯುವ ಮುನ್ನ ಅಲ್ಲಿನ ಅನುಮತಿಯ ನಿಯಮ ವಿಚಾರಿಸಿ, ವೈದ್ಯರ ಚೀಟಿ ಜೊತೆಗಿಟ್ಟುಕೊಳ್ಳಿ. ಸಾಧ್ಯವಾದರೆ ಅಲ್ಲಿನ ಮಕ್ಕಳ ನರರೋಗ ತಜ್ಞರಿಂದಲೇ ಬರೆಸಿಕೊಳ್ಳಿ, ಎಷ್ಟು ಮಿ.ಗ್ರಾಂ., ಎಷ್ಟನೇ ನಿಮಿಷಕ್ಕೆ ಕೊಡಬೇಕು ಎಂಬುದನ್ನೂ ಸೇರಿಸಿ.