ಒಂದು ಫೋನ್ ನೋಡಲಿ, ಇನ್ನೊಂದು ಟವರ್ ಹಿಡಿಯಲಿ

ಮದುವೆಯಾಗಲಿ, ಮುಂಜಿಯಾಗಲಿ, ಕರೆಯ ಹಿಂದೆಯೇ ‘ಲೈವ್ ಲಿಂಕ್ ಕಳಿಸ್ತೀರಲ್ಲ?’ ಎಂಬ ವಿಚಾರಣೆ ಬರುವ ಕಾಲ ಇದು. ಲಿಂಕ್ ಕಳಿಸುವುದು ಕಷ್ಟವಲ್ಲ. ಬೆಳಗಿನ ನಾಂದಿಯೆಲ್ಲ ಚೆನ್ನಾಗಿ ಕಾಣುತ್ತದೆ, ಮುಹೂರ್ತದ ಹೊತ್ತಿಗೆ ಸರಿಯಾಗಿ ಪುರೋಹಿತರ ಕೈ ಅರ್ಧಕ್ಕೆ ನಿಂತು ಚಿತ್ರ ಗುಂಡಗೆ ತಿರುಗತೊಡಗುತ್ತದೆ. ‘ನೆಟ್‌ವರ್ಕ್ ಕೈ ಕೊಟ್ಟಿತು’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಅದು ಯಾಕೆ ಆ ಗಳಿಗೆಯಲ್ಲೇ ಕೈ ಕೊಡುತ್ತದೆ ಎಂಬುದಕ್ಕೆ ಕಾರಣವಿದೆ, ಅದಕ್ಕೆ ಮೊದಲೇ ಮಾಡಿಕೊಳ್ಳಬಹುದಾದ ಏರ್ಪಾಡೂ ಇದೆ.

ನಾವು ದಿನವೂ ಫೋನಿನಲ್ಲಿ ಮಾಡುವುದು ಹೆಚ್ಚಾಗಿ ಡೌನ್‌ಲೋಡ್: ಸಿನಿಮಾ, ರೀಲ್ಸ್, ಸುದ್ದಿ ಎಲ್ಲವೂ ಟವರಿನಿಂದ ನಮ್ಮ ಕಡೆಗೆ ಬರುತ್ತವೆ. ಲೈವ್ ಮಾತ್ರ ನಮ್ಮಿಂದ ಟವರಿಗೆ ಹೋಗಬೇಕು. ಮೊಬೈಲ್ ಜಾಲದಲ್ಲಿ ಈ ದಾರಿ ಇಕ್ಕಟ್ಟಿನದು. 2300 ಮೆಗಾಹರ್ಟ್ಸ್‌ನ 4ಜಿಯಲ್ಲಾಗಲಿ, 3500ರ ಸುಮಾರಿನ 5ಜಿಯಲ್ಲಾಗಲಿ ಹೋಗುವುದಕ್ಕೂ ಬರುವುದಕ್ಕೂ ಒಂದೇ ತರಂಗವನ್ನು ಸಮಯ ಹಂಚಿಕೊಂಡು ಬಳಸುತ್ತಾರೆ, ಆ ಹಂಚಿಕೆಯಲ್ಲಿ ಅಪ್‌ಲೋಡಿಗೆ ಸಣ್ಣ ಪಾಲು. ಮೇಲಾಗಿ ಟವರಿನ ದನಿ ದೊಡ್ಡದು, ನಮ್ಮ ಪುಟ್ಟ ಫೋನಿನದು ಸಣ್ಣದು. ಆದ್ದರಿಂದ ಪರದೆಯ ಮೇಲೆ ನಾಲ್ಕು ಕಡ್ಡಿ ತೋರಿಸಿದ ಮಾತ್ರಕ್ಕೆ ನೆಚ್ಚಿಕೊಳ್ಳುವಂತಿಲ್ಲ. ಕಡ್ಡಿ ಹೇಳುವುದು ಟವರ್ ನಮಗೆ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಎಂಬುದನ್ನು. ನಾವು ಅದಕ್ಕೆ ಎಷ್ಟು ಕೇಳಿಸುತ್ತಿದ್ದೇವೆ, ಅಲ್ಲಿ ಸರದಿಯಲ್ಲಿ ಎಷ್ಟು ಜನ ನಿಂತಿದ್ದಾರೆ ಎಂಬುದನ್ನು ಅದು ಹೇಳುವುದಿಲ್ಲ. ಮುಹೂರ್ತದ ಹೊತ್ತಿಗೆ ಮುನ್ನೂರು ನೆಂಟರು ಫೋನ್ ಎತ್ತಿ ಸ್ಟೇಟಸ್ ಹಾಕುತ್ತಾರೆ. ಸರದಿ ಉದ್ದವಾಗುವುದು ಆಗಲೇ.

ಲೆಕ್ಕಕ್ಕೊಂದು ಮನೆ ಹಿಡಿಯೋಣ. ಸಾಗರ ತಾಲ್ಲೂಕಿನ ಹಳ್ಳಿ, ಮೇ ತಿಂಗಳು, ಮನೆಯಂಗಳದಲ್ಲಿ ಉಪನಯನ, ಮುಹೂರ್ತ ಬೆಳಿಗ್ಗೆ ಹತ್ತೂವರೆಗೆ. ನೋಡುವವರು ಬೆಂಗಳೂರಿನಲ್ಲಿರುವ ಓಡಾಡಲಾಗದ ಅಜ್ಜಿ, ಲಂಡನ್ನಿನ ಚಿಕ್ಕಪ್ಪ, ನ್ಯೂಜೆರ್ಸಿಯ ಅತ್ತೆ. ಲಂಡನ್ನಿನಲ್ಲಿ ಆಗ ಬೆಳಗಿನ ಆರು ಗಂಟೆ, ನ್ಯೂಜೆರ್ಸಿಯಲ್ಲಿ ನಡುರಾತ್ರಿ ಒಂದು. ನಿದ್ದೆಗೆಟ್ಟು ಕೂತ ಅತ್ತೆಗೆ ತಿರುಗುವ ಚಕ್ರ ತೋರಿಸುವುದು ಸರಿಯಲ್ಲ.

ಯಾವುದರಲ್ಲಿ ಲೈವ್ ಮಾಡುವುದು ಎಂಬುದನ್ನು ಬೇಗ ಮುಗಿಸಿಬಿಡೋಣ. ವಾಟ್ಸ್ಆ್ಯಪ್ ವಿಡಿಯೊ ಕಾಲಿಗೆ 32 ಜನರ ಮಿತಿ ಇದೆ. ಗೂಗಲ್ ಮೀಟ್ ಉಚಿತ ಖಾತೆಯಲ್ಲಿ ಗುಂಪು ಸೇರಿದರೆ ಒಂದು ಗಂಟೆಗೆ ಮುಗಿಯುತ್ತದೆ. ಇವೆಲ್ಲ ಮಾತುಕತೆಗೆಂದು ಹುಟ್ಟಿದವು, ವಾಲಗವನ್ನು ಗದ್ದಲವೆಂದು ತಿಳಿದು ಅದುಮಿಬಿಡುವುದೂ ಉಂಟು. ಅಲ್ಲದೆ ಯಾರೋ ಒಬ್ಬರು ಮೈಕ್ ಮುಚ್ಚದೆ ‘ಮಾಣಿ, ಎಂತದೂ ಕಾಣ್ತಿಲ್ಲೆ’ ಎಂದು ಮಂತ್ರದ ನಡುವೆ ಕೂಗಿಯೇ ಕೂಗುತ್ತಾರೆ. ನನ್ನ ಮತ ಯೂಟ್ಯೂಬಿನ Unlisted ಲೈವ್‌ಗೆ. ಲಿಂಕ್ ಇದ್ದವರಿಗಷ್ಟೇ ಕಾಣುತ್ತದೆ, ತಡವಾಗಿ ಬಂದವರು ಹಿಂದಕ್ಕೆ ಎಳೆದು ನೋಡಬಹುದು. ಆದರೆ ಫೋನಿನ ಆ್ಯಪ್‌ನಿಂದ ಲೈವ್ ಮಾಡಲು ಚಾನೆಲ್ಲಿಗೆ ಕನಿಷ್ಠ 50 ಚಂದಾದಾರರು ಬೇಕು, ಮೊದಲ ಬಾರಿಗೆ ಅನುಮತಿ ಸಿಗಲು 24 ಗಂಟೆಯವರೆಗೆ ಕಾಯಬೇಕಾಗಬಹುದು. ಹಿಂದಿನ ರಾತ್ರಿ ಅಡುಗೆಯವರಿಗೆ ತೆಂಗಿನಕಾಯಿ ಸುಲಿಯುತ್ತ ನೆನಪಾದರೆ ಆಗುವ ಕೆಲಸವಲ್ಲ. ನೆಂಟರಲ್ಲೇ ಐವತ್ತು ಜನ ಚಂದಾದಾರರಾಗಲಿ, ಅದಕ್ಕೆ ಒಂದು ವಾರ ಸಾಕು.

ಈಗ ಸಿಗ್ನಲ್. ಸಮಾರಂಭಕ್ಕೆ ಕೆಲವು ದಿನ ಮುಂಚೆ ಅದೇ ಜಾಗದಲ್ಲಿ, ಅದೇ ಹತ್ತೂವರೆ ಗಂಟೆಗೆ ಸ್ಪೀಡ್ ಟೆಸ್ಟ್ ಮಾಡಿ ಅಪ್‌ಲೋಡ್ ಅಂಕಿಯನ್ನು ಮಾತ್ರ ಬರೆದಿಟ್ಟುಕೊಳ್ಳಬೇಕು. ಸಾಲಾಗಿ ಮೂರು ಸಲ ನೋಡಿ, ಅದರಲ್ಲಿ ಕಡಿಮೆ ಬಂದದ್ದನ್ನೇ ನಂಬಬೇಕು. 720ಪಿ ಚಿತ್ರಕ್ಕೆ ಸೆಕೆಂಡಿಗೆ ಸುಮಾರು ಎರಡೂವರೆ ಮೆಗಾಬಿಟ್ ಬೇಕು, 480ಪಿಗೆ ಒಂದು ಮೆಗಾಬಿಟ್ ಸಾಕು. ನೆಂಟರ ಗುಂಪು ಸೇರಿದಾಗ ಕುಸಿಯುತ್ತದಾದ್ದರಿಂದ, ಖಾಲಿ ಅಂಗಳದಲ್ಲಿ ಅದರ ಎರಡು ಪಟ್ಟಾದರೂ ಬರಬೇಕು.

ನಮ್ಮ ಮನೆಯ ಅಂಗಳದಲ್ಲಿ 3 ಮೆಗಾಬಿಟ್ ಸಿಕ್ಕಿತು ಎನ್ನೋಣ. ಅಡಕೆ ಸೋಗೆಯ ಚಪ್ಪರವಾದರೆ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಮಳೆಯ ಭಯಕ್ಕೆ ತಗಡಿನ ಶೀಟ್ ಹೊದಿಸಿದರೆ ಕಥೆಯೇ ಬೇರೆ. ತಗಡು ಅಲೆಗಳನ್ನು ಹಿಂದಕ್ಕೆ ಎಸೆಯುತ್ತದೆ, ಅದರಡಿ 0.6ಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಅದೇ ಮಹಡಿಯ ಮೇಲೆ, ಟವರಿನ ದಿಕ್ಕಿನ ಕಿಟಕಿಯಲ್ಲಿ 6 ಸಿಗುತ್ತದೆ. ಅಳತೆ ಇನ್ನೂ ಖಚಿತವಾಗಿ ಬೇಕೆಂದರೆ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ About phone ಒಳಗಿನ SIM status ಎಂಬಲ್ಲಿ ಡಿಬಿಎಂ ಅಂಕಿ ಇರುತ್ತದೆ. ಅದು ಮೈನಸ್ ಸಂಖ್ಯೆ. 4ಜಿಯಲ್ಲಿ -85ರ ಆಸುಪಾಸು ಒಳ್ಳೆಯದು, -110 ದಾಟಿದರೆ ಆ ಜಾಗದ ಆಸೆ ಬಿಡಬೇಕು. ಮನೆಯಲ್ಲಿರುವ ಬೇರೆ ಬೇರೆ ಕಂಪನಿಯ ಸಿಮ್‌ಗಳನ್ನೆಲ್ಲ ಹೀಗೆ ಪರೀಕ್ಷೆಗೆ ಒಡ್ಡಿ. ಕೆಲವೊಮ್ಮೆ ಯಾರೂ ಲೆಕ್ಕಕ್ಕೆ ಇಡದ ಅಜ್ಜನ ಸಿಮ್ಮೇ ಗೆಲ್ಲುತ್ತದೆ.

ಆದರೆ ಸಮಾರಂಭ ನಡೆಯುವುದು ಅಂಗಳದಲ್ಲಿ, ಸಿಗ್ನಲ್ ಇರುವುದು ಮಹಡಿಯಲ್ಲಿ. ಇಲ್ಲೇ ಎರಡು ಫೋನಿನ ಉಪಾಯ ಬರುವುದು. ಗೆದ್ದ ಸಿಮ್ ಇರುವ ಫೋನನ್ನು ಮಹಡಿ ಕಿಟಕಿಯಲ್ಲಿಟ್ಟು, ಚಾರ್ಜರಿಗೆ ಹಾಕಿ, ಹಾಟ್‌ಸ್ಪಾಟ್ ಆನ್ ಮಾಡಿ. ಅಂಗಳದಲ್ಲಿ ಚಿತ್ರ ಹಿಡಿಯುವ ಫೋನ್ ಅದರ ವೈಫೈಗೆ ಸೇರಿಕೊಳ್ಳಲಿ. ಹಾಟ್‌ಸ್ಪಾಟ್ 2.4 ಗಿಗಾಹರ್ಟ್ಸ್‌ನಲ್ಲಿದ್ದರೆ ಗೋಡೆ ದಾಟಿ ಅಂಗಳದವರೆಗೆ ತಲುಪುವುದು ಸುಲಭ. ಟವರಿನೊಂದಿಗೆ ಹೆಣಗುವುದು ಒಂದರ ಕೆಲಸ, ನೋಡುವುದು ಇನ್ನೊಂದರ ಕೆಲಸ.

ಈ ಏರ್ಪಾಡಿನ ದೊಡ್ಡ ಲಾಭ ಬೇರೆಯೇ ಇದೆ. ಕ್ಯಾಮೆರಾ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ ವೈಫೈ ಮಾತ್ರ ಆನ್ ಮಾಡಬಹುದು. ಲೈವ್ ಕೆಡಿಸುವುದರಲ್ಲಿ ಒಳಬರುವ ಕರೆಯ ಪಾಲು ಸಣ್ಣದಲ್ಲ. ಮುಹೂರ್ತದ ಹೊತ್ತಿಗೆ ‘ಬಸ್ ಇಳಿದೆ, ಮನೆ ಯಾವ ಕಡೆ?’ ಎಂದು ಕರೆ ಬರುವುದು ಆ ಫೋನಿಗೇ. ವೈಫೈ ಕಾಲಿಂಗ್ ಆಫ್ ಆಗಿದ್ದರೆ ಫ್ಲೈಟ್ ಮೋಡಿನಲ್ಲಿ ಸಾಮಾನ್ಯ ಕರೆ ಬರುವುದಿಲ್ಲ. ವಾಟ್ಸ್ಆ್ಯಪ್ ಕರೆ ವೈಫೈ ಮೂಲಕ ನುಸುಳಬಹುದಾದ್ದರಿಂದ ‘ಡು ನಾಟ್ ಡಿಸ್ಟರ್ಬ್’ ಕೂಡ ಹಾಕಿರಬೇಕು, ಫೋಟೊ ಬ್ಯಾಕಪ್ ನಿಲ್ಲಿಸಿರಬೇಕು. ಇನ್ನು ಹಾಟ್‌ಸ್ಪಾಟ್ ಪಾಸ್‌ವರ್ಡನ್ನು ಮನೆಗೆ ಬಂದ ಮಕ್ಕಳಿಗೆ ಹೇಳಲೇಬಾರದು. ಒಂದು ಮಗುವಿಗೆ ಗೊತ್ತಾದರೆ ಅರ್ಧ ಗಂಟೆಯಲ್ಲಿ ಹತ್ತು ಫೋನ್ ಸೇರಿರುತ್ತವೆ.

ಡೇಟಾ ಲೆಕ್ಕವೂ ಮಹಡಿ ಫೋನಿನ ಸಿಮ್ಮಿನದೇ. ಎರಡೂವರೆ ಮೆಗಾಬಿಟ್‌ನಂತೆ ಗಂಟೆಗೆ 1.1 ಜಿಬಿಗೆ ಸ್ವಲ್ಪ ಮೇಲೆ, ಮೂರು ಗಂಟೆಗೆ ಸುಮಾರು 3.4 ಜಿಬಿ. ದಿನಕ್ಕೆ 2 ಜಿಬಿಯ ಪ್ಲಾನ್ ಇದ್ದರೆ ಎರಡನೆಯ ಗಂಟೆ ದಾಟುವ ಮೊದಲೇ ಮುಗಿಯಿತು. ಆಮೇಲೆ ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ, ಅದರಲ್ಲಿ ಫೋಟೊ ಕಳಿಸುವುದೂ ಕಷ್ಟ. ‘ಅನ್‌ಲಿಮಿಟೆಡ್ 5ಜಿ’ ಎಂಬ ಮಾತು 5ಜಿ ಸಿಕ್ಕುವ ಊರಿಗಷ್ಟೇ ಸಲ್ಲುತ್ತದೆ, ಹಳ್ಳಿಯ 4ಜಿಯಲ್ಲಿ ದಿನದ ಮಿತಿಯೇ ಲೆಕ್ಕ. ಹಿಂದಿನ ದಿನವೇ ಒಂದು ಡೇಟಾ ಆ್ಯಡ್‌ಆನ್ ಹಾಕಿಸಿಡುವುದು ಕ್ಷೇಮ. 5ಜಿ ಬಂದು ಹೋಗುವ ಊರಾದರೆ ಸೆಟ್ಟಿಂಗ್ಸ್‌ನಲ್ಲಿ 4ಜಿಗೇ ಕಟ್ಟಿಹಾಕುವುದು ವಾಸಿ. ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಜಿಗಿಯುವಾಗಲೇ ಚಿತ್ರ ಮುಗ್ಗರಿಸುವುದು.

ಬ್ಯಾಟರಿಯ ವಿಷಯಕ್ಕೆ ಬಂದರೆ, ಜನ ಹೆದರುವುದು ಚಾರ್ಜ್ ಮುಗಿಯುವುದಕ್ಕೆ. ನಿಜಕ್ಕೂ ಹೆದರಬೇಕಾದದ್ದು ಬಿಸಿಗೆ. ಲೈವ್ ಹೊತ್ತಿನಲ್ಲಿ ಕ್ಯಾಮೆರಾ, ಪರದೆ, ವೈಫೈ, ಚಿತ್ರವನ್ನು ಕುಗ್ಗಿಸುವ ಚಿಪ್ ನಾಲ್ಕೂ ಬಿಡುವಿಲ್ಲದೆ ದುಡಿಯುತ್ತವೆ. ಮೇಲೆ ಮೇ ತಿಂಗಳ ಸೆಕೆ, ಎದುರಿಗೆ ಹೋಮಕುಂಡ. ಬಿಸಿ ಮಿತಿ ಮೀರಿದಾಗ ಫೋನ್ ಮೊದಲು ಪರದೆಯ ಬೆಳಕು ತಗ್ಗಿಸುತ್ತದೆ, ಚಾರ್ಜ್ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ, ಕೊನೆಗೆ ಕ್ಯಾಮೆರಾವನ್ನೇ ಮುಚ್ಚುತ್ತದೆ. ಪರದೆ ತಾನಾಗಿ ಮಂಕಾದರೆ ಅದೇ ಮುನ್ಸೂಚನೆ. ಹಿಂದಿನ ಕವರ್ ಕಳಚಿಡಿ, ಪರದೆಯ ಬೆಳಕನ್ನು ಮೊದಲೇ ಕಡಿಮೆ ಮಾಡಿ, ಬಿಸಿಲು ಬೀಳುವ ಜಾಗ ಬಿಡಿ. ಹತ್ತು ಗಂಟೆಗೆ ನೆರಳಿದ್ದ ಮೂಲೆಗೆ ಹನ್ನೊಂದಕ್ಕೆ ಬಿಸಿಲು ಬರುತ್ತದೆಯೇ ಎಂದು ಹಿಂದಿನ ದಿನವೇ ನೋಡಿಟ್ಟುಕೊಳ್ಳಬೇಕು.

ಪವರ್ ಬ್ಯಾಂಕನ್ನು ಶುರುವಿನಿಂದಲೇ ಸಿಕ್ಕಿಸಿಡಿ. ಬ್ಯಾಟರಿ ಇಳಿದ ಮೇಲೆ ಸಿಕ್ಕಿಸಿದರೆ ಫೋನ್ ಹೆಚ್ಚು ವಿದ್ಯುತ್ ಎಳೆದು ಇನ್ನಷ್ಟು ಕಾಯುತ್ತದೆ, ಸಿಕ್ಕಿಸುವಾಗ ಸ್ಟ್ಯಾಂಡ್ ಅಲುಗಿ ಚಿತ್ರವೂ ಕುಣಿಯುತ್ತದೆ. ವೇಗದ ಚಾರ್ಜಿಂಗ್ ಇಲ್ಲಿ ಬೇಡ, 5 ವೋಲ್ಟಿನ ಸಾದಾ ಚಾರ್ಜಿಂಗ್ ಸಾಕು. 10,000 ಎಂಎಎಚ್ ಎಂದು ಬರೆದಿರುವ ಪವರ್ ಬ್ಯಾಂಕಿನಿಂದ ಫೋನಿಗೆ ಸಿಗುವುದು ಸುಮಾರು 6,000 ಮಾತ್ರ. ಆ ದೊಡ್ಡ ಅಂಕಿ ಒಳಗಿನ 3.7 ವೋಲ್ಟಿನ ಲೆಕ್ಕದ್ದು, 5 ವೋಲ್ಟಿಗೆ ಏರಿಸುವಾಗ ಕರಗುತ್ತದೆ. ತುಂಬಿದ ಫೋನಿನೊಂದಿಗೆ ಮೂರು ಗಂಟೆಯ ಉಪನಯನಕ್ಕೆ ಅಷ್ಟು ಸಾಕು. ಮಹಡಿಯ ಫೋನಿಗೂ ಇನ್ನೊಂದು ಪವರ್ ಬ್ಯಾಂಕ್ ಕೊಡಿ. ಮಲೆನಾಡಿನಲ್ಲಿ ಕರೆಂಟಿಗೆ ಮುಹೂರ್ತದ ಹಂಗಿಲ್ಲ.

ಸ್ಟ್ಯಾಂಡ್ ನಿಲ್ಲಿಸುವ ಜಾಗವನ್ನು ಪುರೋಹಿತರನ್ನೂ ಫೋಟೊದವರನ್ನೂ ಕೇಳಿಯೇ ಗೊತ್ತುಮಾಡಿ. ಕೂತವರ ತಲೆಯ ಮೇಲಿಂದ ನೋಡುವ ಎತ್ತರ ಸಾಲದು, ಮುಹೂರ್ತಕ್ಕೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಆರಡಿ ಎತ್ತರಕ್ಕೆ, ಮಂಟಪದ ಓರೆಗೆ, ಹೊಗೆ ಹೋಗುವ ದಿಕ್ಕಿಗೆ ಎದುರಾಗಿ ನಿಲ್ಲಿಸುವುದು ಒಳ್ಳೆಯದು. ಎತ್ತರಿಸಿದ ಟ್ರೈಪಾಡ್ ಬಲು ಹಗುರ, ಓಡಾಡುವ ಮಗುವಿನ ಕೈ ತಾಗಿದರೂ ಮಗುಚುತ್ತದೆ. ನಡುವಿನ ಕಂಬಕ್ಕೊಂದು ಕೈಚೀಲ ತೂಗುಹಾಕಿ ಎರಡು ತೆಂಗಿನಕಾಯಿ ಹಾಕಿ, ಒಂದು ಕಾಲನ್ನು ಚಪ್ಪರದ ಕಂಬಕ್ಕೆ ಬಿಗಿಯಿರಿ. ಫೋನನ್ನು ಅಡ್ಡ ತಿರುಗಿಸಿಯೇ ಲೈವ್ ಶುರು ಮಾಡಿ, ನಡುವೆ ತಿರುಗಿಸಿದರೆ ನೋಡುವವರು ಕತ್ತು ವಾಲಿಸಬೇಕಾಗುತ್ತದೆ. ವಾಲಗದವರಿಂದ ದೂರವಿರಲಿ, ಅವರ ಪಕ್ಕದಲ್ಲಿದ್ದರೆ ಫೋನಿನ ಮೈಕಿಗೆ ಮಂತ್ರ ಕೇಳಿಸುವುದೇ ಇಲ್ಲ. ಬ್ರಹ್ಮೋಪದೇಶದ ಹೊತ್ತಿಗೆ ತಂದೆ, ತಾಯಿ, ವಟು ಬಟ್ಟೆಯ ಮರೆಯಲ್ಲಿರುತ್ತಾರೆ. ಹತ್ತಿರದಲ್ಲಿ ಮೈಕ್ ಇಟ್ಟಿದ್ದರೆ ಆ ಹೊತ್ತಿಗೆ ಮುಚ್ಚಿಬಿಡಿ, ಅದು ಊರಿಗೆಲ್ಲ ಕೇಳಲೆಂದು ಹೇಳುವುದಲ್ಲ. ಭಿಕ್ಷೆಯ ಹೊತ್ತಿಗೆ ಮಾತ್ರ ಸ್ಟ್ಯಾಂಡ್ ಬಿಟ್ಟು ಫೋನನ್ನು ಕೈಗೆತ್ತಿಕೊಳ್ಳಬಹುದು. ಅತ್ತೆಗೆ ಬೇಕಾದದ್ದು ಭಿಕ್ಷೆ ಬೇಡುವ ಆ ಮುಖ.

ಮುಹೂರ್ತಕ್ಕೆ ಅರ್ಧ ಗಂಟೆ ಮೊದಲೇ ಲೈವ್ ಹಚ್ಚಿ, ಬೇರೆ ಊರಿನಲ್ಲಿರುವ ಒಬ್ಬರನ್ನು ಕಾವಲಿಗೆ ಕೂರಿಸಿ. ಚಿತ್ರ ನಿಂತರೆ, ದನಿ ಹೋದರೆ ಅವರೊಬ್ಬರೇ ಸಂದೇಶ ಕಳಿಸಲಿ, ಅದನ್ನು ನೋಡಲು ನಿಮ್ಮ ಜೇಬಿನಲ್ಲಿ ಬೇರೆ ಫೋನ್ ಇರಲಿ. ಯೂಟ್ಯೂಬಿನಲ್ಲಿ ಚಿತ್ರ ತಲುಪುವುದೇ ಹಲವು ಸೆಕೆಂಡು ತಡವಾಗಿ, ಹಾಗಾಗಿ ‘ಈಗ ನಿಂತಿತು’ ಎಂದು ಅವರು ಹೇಳುವಾಗ ಅದು ನಿಂತು ಸ್ವಲ್ಪ ಹೊತ್ತಾಗಿರುತ್ತದೆ. ಗಾಬರಿಯಿಂದ ಲೈವ್ ಮುಗಿಸಿ ಹೊಸದು ಶುರು ಮಾಡಿದರೆ ಲಿಂಕ್ ಬದಲಾಗುತ್ತದೆ, ಹಳೆಯ ಲಿಂಕ್ ಹಿಡಿದವರೆಲ್ಲ ಹೊರಗುಳಿಯುತ್ತಾರೆ. ಮೊದಲು ಮಹಡಿಗೆ ಹೋಗಿ ಹಾಟ್‌ಸ್ಪಾಟ್ ನೋಡಿ. ಬಹಳ ಸಲ ಯಾರೋ ಆ ಫೋನನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿರುತ್ತಾರೆ.

ಲೈವ್ ಮುಗಿಸಿದ ಮೇಲೆ ಚಾನೆಲ್ಲಿಗೆ ಹೋಗಿ ವಿಡಿಯೊ ಯಾವ ಸ್ಥಿತಿಯಲ್ಲಿದೆ ನೋಡಿ. ಸಣ್ಣ ಚಾನೆಲ್ಲಾದರೆ ಅದು ತಾನಾಗಿ Private ಆಗಿರಬಹುದು. ಅದನ್ನು ಮತ್ತೆ Unlisted ಮಾಡಿದರೆ, ರಾತ್ರಿ ನಿದ್ದೆ ತಡೆಯಲಾರದೆ ಮಲಗಿದವರು ಬೆಳಿಗ್ಗೆ ಎದ್ದು ಅದೇ ಲಿಂಕಿನಲ್ಲಿ ನೋಡಿಕೊಳ್ಳುತ್ತಾರೆ.