ಒಂದೇ ಸಿಗರೇಟಿನ ಲೆಕ್ಕ ತಪ್ಪುವುದೆಲ್ಲಿ?

‘ನಾನೇನು ಪ್ಯಾಕೆಟ್‌ಗಟ್ಟಲೆ ಸೇದುತ್ತೀನಾ? ಚಹಾ ಜೊತೆ ದಿನಕ್ಕೆ ಒಂದೋ ಎರಡೋ ಅಷ್ಟೇ.’ ನಮ್ಮ ಮೋರಖಂಡಿಯಿಂದ ಬಸವಕಲ್ಯಾಣ, ಹುಮನಾಬಾದ್ ಕಡೆ ಕಾಲೇಜಿಗೆ ಹೋಗುವ ಹುಡುಗರ ಬಾಯಲ್ಲಿ ಈ ಮಾತು ಸಾಮಾನ್ಯ. ಕರ್ನಾಟಕದಲ್ಲಿ ಬಿಡಿ ಸಿಗರೇಟು ಮಾರುವಂತಿಲ್ಲ ಎಂಬ ನಿಯಮವಿದ್ದರೂ, ಪಾನ್ ಶಾಪ್‌ನಲ್ಲಿ ಒಂದೊಂದೇ ಸಿಗುತ್ತದೆ. ಹಾಗಾಗಿ ಅದು ಚಟ ಎಂದು ಯಾರಿಗೂ ಅನಿಸುವುದೇ ಇಲ್ಲ.

ಈ ಮಾತಿನ ಹಿಂದೆ ಒಂದು ಲೆಕ್ಕವಿದೆ. 20 ಸೇದುವವನಿಗೆ ಇರುವ ಅಪಾಯದಲ್ಲಿ ಒಂದು ಸೇದುವವನಿಗೆ ಇಪ್ಪತ್ತನೇ ಒಂದು ಭಾಗ ಮಾತ್ರ ಎಂಬುದೇ ಆ ಲೆಕ್ಕ. ಎಂಜಿನಿಯರಿಂಗ್ ಓದುವ ನಮಗೆ ಗ್ರಾಫ್ ಎಂದರೆ ಮೊದಲು ನೆನಪಾಗುವುದು ನೇರ ಗೆರೆ. ಶ್ವಾಸಕೋಶದ ಕ್ಯಾನ್ಸರ್ ವಿಷಯದಲ್ಲಿ ಗೆರೆ ಹೆಚ್ಚುಕಡಿಮೆ ನೇರವಾಗಿಯೇ ಇದೆ. ಹೃದಯದ ವಿಷಯದಲ್ಲಿ ಹಾಗಿಲ್ಲ.

2018ರಲ್ಲಿ ಲಂಡನ್ನಿನ ಸಂಶೋಧಕರು 141 ಅಧ್ಯಯನಗಳನ್ನು ಒಟ್ಟುಗೂಡಿಸಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಪ್ರಕಟಿಸಿದರು. ಅದನ್ನು ಹೀಗೆ ಅರ್ಥ ಮಾಡಿಕೊಳ್ಳಬಹುದು. ಸಿಗರೇಟು ಮುಟ್ಟದ 100 ಗಂಡಸರಲ್ಲಿ 10 ಮಂದಿಗೆ ಹೃದ್ರೋಗ ಬರುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 20 ಸೇದುವ 100 ಮಂದಿಯಲ್ಲಿ ಅದು ಸುಮಾರು 20 ಆಗುತ್ತದೆ. ನೇರ ಗೆರೆಯ ಲೆಕ್ಕದಲ್ಲಿ ಒಂದೇ ಸೇದುವವರಲ್ಲಿ ಹತ್ತೂವರೆ ಆಗಬೇಕಿತ್ತು. ಆದರೆ ಆಗುವುದು ಸುಮಾರು 15! ಅಂದರೆ ಹೆಚ್ಚುವರಿ ಅಪಾಯದ ಅರ್ಧದಷ್ಟು ಮೊದಲ ಸಿಗರೇಟಿನಲ್ಲೇ ಬಂದುಬಿಡುತ್ತದೆ. ಐದು ಸೇದಿದರೆ ಸುಮಾರು 16. ಮೊದಲು ಕಡಿದಾಗಿ ಏರಿದ ಗೆರೆ ಆಮೇಲೆ ನಿಧಾನವಾಗಿ ಏರುತ್ತದೆ.

ಹೀಗೇಕೆ? ರಕ್ತ ಹೆಪ್ಪುಗಟ್ಟಿಸುವ ಕೆಲಸ ಪ್ಲೇಟ್‌ಲೆಟ್ ಎಂಬ ಕಣಗಳದ್ದು. ಸ್ವಲ್ಪ ಹೊಗೆ ಒಳಹೋದರೂ ಅವು ಒಂದಕ್ಕೊಂದು ಅಂಟಿಕೊಳ್ಳತೊಡಗುತ್ತವೆ. ರಕ್ತನಾಳದ ಒಳಪದರವೂ ಸರಿಯಾಗಿ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಈ ಬದಲಾವಣೆಗಳು ಕಡಿಮೆ ಹೊಗೆಯಲ್ಲೇ ಬಹುಪಾಲು ಆಗಿಬಿಡುತ್ತವೆ. ಮೇಲೆ ಇನ್ನಷ್ಟು ಸೇದಿದರೆ ಹೆಚ್ಚುವುದು ಸ್ವಲ್ಪವೇ. ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪೊಂದು ಅಡ್ಡ ನಿಂತರೆ ಅದೇ ಹೃದಯಾಘಾತ. ಸಿಗರೇಟು ಸೇದದವರೂ ಪಕ್ಕದವರ ಹೊಗೆಯಿಂದ ಹೃದ್ರೋಗಕ್ಕೆ ತುತ್ತಾಗುವುದು ಇದೇ ಕಾರಣಕ್ಕೆ.

ಹಾಗಾದರೆ 20ರಿಂದ 5ಕ್ಕೆ ಇಳಿಸಿದವನಿಗೆ ಲಾಭವಿಲ್ಲವೇ? ಇದೆ, ಕ್ಯಾನ್ಸರ್ ಅಪಾಯ ಗಣನೀಯವಾಗಿ ತಗ್ಗುತ್ತದೆ. ಆದರೆ ಹೃದಯದ ಲೆಕ್ಕದಲ್ಲಿ 20 ಇದ್ದದ್ದು 16 ಆಯಿತು ಅಷ್ಟೇ. ಅದನ್ನು 10ರ ಕಡೆಗೆ ತರಬೇಕಾದರೆ ಆ ಕೊನೆಯ ಐದನ್ನೂ ಬಿಡಬೇಕು. ಪೂರ್ತಿ ಬಿಟ್ಟ ಒಂದು ವರ್ಷದೊಳಗೆ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎನ್ನುತ್ತಾರೆ ವೈದ್ಯರು.

ಒಬ್ಬರೇ ಬಿಡಲು ಆಗದವರಿಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-11-2356. ದಿನಕ್ಕೆ ಒಂದೇ ಸೇದುವವರೂ ಅಲ್ಲಿಗೆ ಕರೆ ಮಾಡಬಹುದು.